ಉಗ್ಗುವ ಧ್ವನಿ ಬೇಕಾಗಿದೆ

ನೋಂದಣಿ ಕಚೇರಿಯ ಎದುರಿನ ಓಣಿಯಲ್ಲಿ ನನ್ನದೊಂದು ಮೇಜು, ಎರಡು ಕುರ್ಚಿ. ಅರ್ಜಿ, ಬಾಡಿಗೆ ಕರಾರು, ಒಪ್ಪಿಗೆ ಪತ್ರ ಬರೆದುಕೊಡುವುದು ನನ್ನ ಕಸುಬು. ನನ್ನ ಬೆನ್ನಿಗೆ ತಾಗಿಕೊಂಡಂತೆ ಇರುವುದು ಜೆರಾಕ್ಸ್ ಅಕ್ಕನ ಅಂಗಡಿ. ನಾನು ಬರೆದದ್ದು ಅವಳಲ್ಲಿಗೆ ಹೋಗಿ ಟೈಪಾಗಿ, ನಕಲಾಗಿ, ಕಚೇರಿಯ ಬಾಗಿಲು ಸೇರುತ್ತದೆ. ಹತ್ತೊಂಬತ್ತು ವರ್ಷದಿಂದ ಹೀಗೇ ನಡೆದಿದೆ. ಆದ್ದರಿಂದ ಅವಳ ಅಂಗಡಿಯೊಳಗಿನ ಮಾತು ನನ್ನ ಕಿವಿಗೆ ಬೀಳದೆ ಇರುವುದಿಲ್ಲ.

ಅಕ್ಕ ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಅವಳು ಬಂದ ವರ್ಷವೇ ತಾಯಿಯೂ ತೀರಿಕೊಂಡಳು. ಆಗ ತಂಗಿಗೆ ಎಂಟು ವರ್ಷ. ಯಾರೋ ಮಾರಲಿಟ್ಟಿದ್ದ ಹಳೆಯ ಜೆರಾಕ್ಸ್ ಯಂತ್ರವನ್ನು ಕೊಂಡು, ಅದರ ಹೊಟ್ಟೆಯಲ್ಲಿ ಸಿಕ್ಕಿಹಾಕಿಕೊಂಡ ಕಾಗದವನ್ನು ಎಳೆದು ತೆಗೆಯುತ್ತಲೇ ಅಕ್ಕ ಆ ಮಗುವನ್ನು ಬೆಳೆಸಿದಳು. ತಂಗಿಗೆ ಈಗ ಮೂವತ್ತೇಳು. ಆದರೂ ಓಣಿಗೆಲ್ಲ ಅವಳು ಪುಟ್ಟಿಯೇ.

ಪುಟ್ಟಿ ಉಗ್ಗುತ್ತಾಳೆ. ‘ಬ’, ‘ಕ’, ‘ಪ’ದಿಂದ ಶುರುವಾಗುವ ಮಾತೆಂದರೆ ಅವಳಿಗೆ ಬೆಟ್ಟ ಹತ್ತಿದ ಹಾಗೆ. ತುಟಿ ಕೂಡಿದ್ದು ಕೂಡಿದಂತೆಯೇ ನಿಂತುಬಿಡುತ್ತದೆ. ಕತ್ತಿನ ನರ ಎದ್ದು ಕಾಣುತ್ತದೆ. ಅದನ್ನು ನೋಡಲಾರದೆ ಅಕ್ಕ ಚಿಕ್ಕಂದಿನಿಂದಲೂ ಅವಳ ಮಾತನ್ನು ತಾನೇ ಮುಗಿಸಿಬಿಡುತ್ತಿದ್ದಳು. ಶಾಲೆಯಲ್ಲಿ, ಅಂಗಡಿಯಲ್ಲಿ, ನೋಡಲು ಬಂದ ಗಂಡಿನ ಕಡೆಯವರ ಎದುರಿನಲ್ಲಿ ಕೂಡ. ಪುಟ್ಟಿ ಬಾಯಿ ಮುಚ್ಚಿಕೊಂಡು ಬೆರಳು ಬಿಟ್ಟಳು ಎನ್ನಬೇಕು. ಕನ್ನಡ ಟೈಪಿಂಗಿನಲ್ಲಿ ಅವಳನ್ನು ಮೀರಿಸುವವರನ್ನು ನಾನು ನೋಡಿಲ್ಲ. ನನ್ನ ಕೋಳಿಕಾಲು ಅಕ್ಷರವನ್ನು ಓದಿ, ನಾನು ಬಿಟ್ಟ ಒತ್ತಕ್ಷರವನ್ನೂ ಹಾಕಿ, ಒಂದು ಪುಟವನ್ನು ನಾನು ಟೀ ಕುಡಿದು ಮುಗಿಸುವುದರೊಳಗೆ ಕೈಗಿಡುತ್ತಿದ್ದಳು.

ನಮ್ಮ ಓಣಿಯಲ್ಲಿ ಒಂದು ಮೋಸ ನಡೆದದ್ದು ಎರಡು ವರ್ಷದ ಕೆಳಗೆ. ಅಕ್ಕನ ಫೋನಿಗೆ ಒಂದು ಸಂದೇಶ ಬಂತು. ಕಂಪ್ಯೂಟರುಗಳಿಗೆ ಕನ್ನಡ ಕಲಿಸುತ್ತಿದ್ದಾರಂತೆ, ಅದಕ್ಕೆ ಕನ್ನಡ ಮಾತಾಡುವವರ ಧ್ವನಿ ಬೇಕಂತೆ, ಮನೆಯಲ್ಲೇ ಕೂತು ಫೋನಿನಲ್ಲಿ ವಾಕ್ಯ ಓದಿ ಕಳಿಸಿದರೆ ಸಾಕಂತೆ. ಗಂಟೆಗೆ ಅವರು ಹೇಳಿದ ಸಂಬಳ ಅಕ್ಕ ಒಂದು ವಾರ ಯಂತ್ರದ ಮುಂದೆ ನಿಂತರೂ ಸಿಗದಷ್ಟು. ಸಂದೇಶದ ಜೊತೆ ಮೊಹರು ಹಾಕಿದ ಪತ್ರ, ಸಹಿ, ಪ್ರಮಾಣಪತ್ರ ಎಲ್ಲ ಇತ್ತು.

“ನೋಡಿ ಸಾರ್, ಇಷ್ಟು ಚೆನ್ನಾಗಿರೋ ಲೆಟರ್‌ಹೆಡ್ ಸುಳ್ಳಾಗಿರುತ್ತಾ?” ಎಂದು ನನಗೂ ತೋರಿಸಿದಳು. ದಿನಾ ನೂರಾರು ಲೆಟರ್‌ಹೆಡ್ಡನ್ನು ನಕಲು ಮಾಡುವ ಹೆಂಗಸು ಆ ಮಾತು ಹೇಳಿದಳಲ್ಲ ಎಂದು ಈಗ ಅನ್ನಿಸುತ್ತದೆ. ಆಗ ನಾನೂ ತಲೆಯಾಡಿಸಿದೆ.

ಓಣಿಯ ಒಂಬತ್ತು ಹೆಂಗಸರನ್ನು ಅಕ್ಕ ಸೇರಿಸಿದಳು. ಬಟ್ಟೆ ಹೊಲಿಯುವವಳು, ಹೂವಿನ ಅಂಗಡಿಯವಳು, ಎದುರು ಮನೆಯ ಇಬ್ಬರು ವಾರಗಿತ್ತಿಯರು. ಎಲ್ಲರಿಗೂ ಒಂದೇ ಮುನ್ನೂರು ವಾಕ್ಯ. ಅದೂ ಎಂಥ ಕನ್ನಡ! ‘ನಾನು ಬಸ್ಸನ್ನು ಹಿಡಿಯುವುದಕ್ಕೆ ತಡವಾಗಿದ್ದೇನೆ’ ಎಂದು ಹೂವಿನವಳು ಹೊರಗಿನ ಸದ್ದು ಸೇರಬಾರದೆಂದು ಬಚ್ಚಲಲ್ಲಿ ಕೂತು ಓದುತ್ತಿದ್ದರೆ ಮನೆಯವರೆಲ್ಲ ನಗುತ್ತಿದ್ದರು. ಅವರ ವಯಸ್ಸೆಷ್ಟು, ಮನೆಮಾತು ಯಾವುದು, ಎಲ್ಲಿ ಬೆಳೆದವರು ಎಂದು ಯಾರೂ ಕೇಳಲಿಲ್ಲ. ಓದಿದ್ದು ಸರಿಯಿದೆಯೇ, ಹಿಂದೆ ಕುಕ್ಕರು ಕೂಗಿತೇ ಎಂದು ಯಾರೂ ತಿದ್ದಲಿಲ್ಲ. ಕಳಿಸಿದ್ದೆಲ್ಲ ಪಾಸು. ಫೋನಿನ ಒಂದು ಪುಟದಲ್ಲಿ ಅವರ ಗಳಿಕೆ ಮಾತ್ರ ದಿನದಿಂದ ದಿನಕ್ಕೆ ಏರುತ್ತ ಕಾಣುತ್ತಿತ್ತು. ಅದನ್ನು ತೆಗೆದುಕೊಳ್ಳಲು ಹೋದಾಗ, ಪರಿಶೀಲನಾ ಶುಲ್ಕ ಕಟ್ಟಿ, ಗಳಿಕೆಯ ಜೊತೆ ಅದೂ ವಾಪಸು ಬರುತ್ತದೆ ಎಂದರು. ಗುರುತಿನ ಚೀಟಿಯ ಎರಡೂ ಬದಿಯ ಚಿತ್ರ ಕೇಳಿದರು. ಒಂಬತ್ತು ಜನವೂ ಕೊಟ್ಟರು, ಕಟ್ಟಿದರು. ಮುಂದಿನ ಸೋಮವಾರ ಆ ಪುಟವೂ ಇಲ್ಲ, ಅವರು ಫೋನಿನಲ್ಲಿ ಮಾಡಿದ್ದ ಗುಂಪೂ ಇಲ್ಲ, ನಂಬರೂ ಇಲ್ಲ.

ಅಕ್ಕ ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟು ಬಂದಳು. ದೂರನ್ನು ಬರೆದವನು ನಾನೇ. ಒಂಬತ್ತು ಮನೆಗೂ ತಾನೇ ಹೋಗಿ ಅವರು ಕಟ್ಟಿದ್ದನ್ನು ತನ್ನ ಕೈಯಿಂದ ಕೊಟ್ಟಳು. ಹೊಲಿಯುವವಳು ತೆಗೆದುಕೊಳ್ಳಲಿಲ್ಲ, “ನೀವೇನು ಬೇಕಂತ ಮಾಡಿದ್ರಾ ಅಕ್ಕ” ಎಂದಳು. ಆ ಒಳ್ಳೆಯ ಮಾತೇ ಅಕ್ಕನನ್ನು ಹೆಚ್ಚು ಚುಚ್ಚಿತೋ ಏನೋ. ಅಂದಿನಿಂದ ಅವಳು ಬೇರೆಯೇ ಮನುಷ್ಯಳಾದಳು. ಯಾರಾದರೂ ಫೋನು ಹಿಡಿದು ಬಂದು “ಅಕ್ಕ, ಇದೊಂಚೂರು ನಿಜಾನಾ ನೋಡಿ” ಎಂದರೆ, ಕನ್ನಡಕ ಏರಿಸುವ ಮೊದಲೇ “ಸುಳ್ಳು” ಎನ್ನುತ್ತಿದ್ದಳು. ಹತ್ತಕ್ಕೆ ಒಂಬತ್ತು ಸಲ ಅದು ಸುಳ್ಳೇ ಆಗಿರುತ್ತಿತ್ತು. ಓಣಿಯವರು ಅವಳ ಮಾತನ್ನು ಕಣ್ಣು ಮುಚ್ಚಿ ನಂಬತೊಡಗಿದರು. ಎಡವಿದವಳ ಬಳಿ ದಾರಿ ಕೇಳುವುದು ಒಳ್ಳೆಯದೇ ಎಂದು ನಾನೂ ಅಂದುಕೊಂಡೆ.

ಕಳೆದ ವರ್ಷ ಪುಟ್ಟಿಗೆ ಕಿವಿನೋವು ಬಂದು ದೊಡ್ಡ ಆಸ್ಪತ್ರೆಗೆ ಹೋಗಿದ್ದಳು. ಅಲ್ಲಿ ಕಿವಿ, ಗಂಟಲು ನೋಡುವ ವಿಭಾಗದ ಗೋಡೆಯ ಮೇಲೆ ಅಕ್ಕಪಕ್ಕ ಅಂಟಿಸಿದ್ದ ಎರಡು ಹಾಳೆಯ ಚಿತ್ರ ತೆಗೆದುಕೊಂಡು ಬಂದಳು. ಅಂಗಡಿಯಲ್ಲಿ ಅವನ್ನು ಒಂದೇ ಹಾಳೆಯ ಎರಡೂ ಬದಿಗೆ ಮುದ್ರಿಸಿ, ಎರಡು ದಿನ ಕೀಲಿಮಣೆಯ ಕೆಳಗೆ ಇಟ್ಟುಕೊಂಡಿದ್ದಳಂತೆ. ಮೂರನೆಯ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅಕ್ಕನ ಮುಂದಿಟ್ಟಳು. ಆಗ ಅಂಗಡಿಯಲ್ಲಿ ನಾನಿದ್ದೆ, ಲ್ಯಾಮಿನೇಷನ್‌ಗೆ ಕಾಯುತ್ತಿದ್ದ ಒಬ್ಬ ಡ್ರೈವರ್ ಇದ್ದ.

ಹಾಳೆಯ ಮೇಲೆ ದಪ್ಪಕ್ಷರದಲ್ಲಿ ‘ಉಗ್ಗುವ ಧ್ವನಿ ಬೇಕಾಗಿದೆ’ ಎಂದಿತ್ತು. ಕೆಳಗೆ ವಿವರ. ಫೋನು, ಕಂಪ್ಯೂಟರುಗಳಿಗೆ ಉಗ್ಗುವವರ ಕನ್ನಡ ಅರ್ಥವಾಗುವುದಿಲ್ಲ. ಅವರು ಪದದ ನಡುವೆ ನಿಂತರೆ ಮಾತು ಮುಗಿಯಿತೆಂದು ತಿಳಿದುಬಿಡುತ್ತವೆ. ಇದನ್ನು ಸರಿಪಡಿಸುವ ಯೋಜನೆಗೆ ವಯಸ್ಕರ ಧ್ವನಿ ಮುದ್ರಿಸಿಕೊಳ್ಳುತ್ತೇವೆ. ಓದುವುದು ಅರ್ಧ ಗಂಟೆ, ಚಿತ್ರ ನೋಡಿ ಮನಬಂದಂತೆ ಮಾತಾಡುವುದು ಅರ್ಧ ಗಂಟೆ. ಸಮಯಕ್ಕೆ ತಕ್ಕ ಸಂಭಾವನೆ ಉಂಟು.

ಅಕ್ಕ ಮೊದಲ ಮೂರು ಸಾಲು ಓದಿ ಹಾಳೆಯನ್ನು ಆಚೆ ಸರಿಸಿದಳು.

“ಸುಳ್ಳು.”

“ಹಿಂ... ಹಿಂದೆ ಓದು” ಎಂದಳು ಪುಟ್ಟಿ. ಹಾಳೆಯ ಹಿಂಬದಿಯಲ್ಲೂ ಬರಹವಿತ್ತು.

ಅಕ್ಕ ತಿರುಗಿಸಿದಳು. ಅವಳ ಕಣ್ಣು ನೇರವಾಗಿ ಹೋಗಿ ನಿಂತದ್ದು ಒಂದೇ ಸಾಲಿನ ಮೇಲೆ. “ನೋಡು, ಬ್ಯಾಂಕ್ ಖಾತೆ ನಂಬರ್ ಬೇಕಂತೆ! ಇದಕ್ಕಿಂತ ಸಾಕ್ಷಿ ಬೇಕಾ? ಒಂದ್ಸಲ ಸುಟ್ಟುಕೊಂಡಿದ್ದು ಸಾಲದಾ ಪುಟ್ಟಿ?”

“ಕ... ಕ... ಕೆಲಸ ಮುಗಿದ ಮೇ...”

“ಕೆಲಸ ಮುಗಿದ ಮೇಲೆ ಕೇಳ್ತಾರೆ, ಗೊತ್ತು. ಅವರೂ ಹಾಗೇ ಅಂದಿದ್ರು.” ಅವರು ಹಾಗೆ ಅಂದಿರಲಿಲ್ಲ, ದುಡ್ಡು ಕೊಡುವ ಮೊದಲೇ ಶುಲ್ಕ ಕೇಳಿದ್ದರು. ಆದರೆ ಅಕ್ಕನಿಗೆ ಸಿಟ್ಟು ಏರಿತ್ತು. ಹಾಳೆಯನ್ನು ಎತ್ತಿ ನನಗೂ ಡ್ರೈವರಿಗೂ ತೋರಿಸಿ ಹೇಳಿದಳು: “ಅಲ್ಲಾ ಸಾರ್, ಚೆನ್ನಾಗಿ ಮಾತಾಡೋರಿಗೇ ಕೊಡದೆ ಟೋಪಿ ಹಾಕಿದ್ರು. ಈ ಉಗ್ಗೋ ಧ್ವನಿ ಯಾರಿಗೆ ಬೇಕು? ಇದಕ್ಕೆ ದುಡ್ಡು ಕೊಡೋ ಪುಣ್ಯಾತ್ಮ ಯಾವನಿದಾನೆ?”

ಡ್ರೈವರ್ ನಕ್ಕ. ನಾನೂ ನಕ್ಕೆ. ದೊಡ್ಡ ನಗುವೇನಲ್ಲ, ಮಾತಿಗೆ ಮಾತು ಸೇರಿಸುವಾಗ ಬರುತ್ತದಲ್ಲ, ಅಂಥದ್ದು. ಪುಟ್ಟಿ ಮೂವರ ಮುಖವನ್ನೂ ಒಮ್ಮೆ ನೋಡಿದಳು. ಹಾಳೆಯನ್ನು ನಾಲ್ಕಾಗಿ ಮಡಚಿ ತೆಗೆದುಕೊಂಡು ಹೋಗಿ, ನನ್ನ ಬಾಡಿಗೆ ಕರಾರನ್ನು ಟೈಪು ಮಾಡಲು ಕೂತಳು.

ಆಮೇಲೆ ಅವಳು ಮಾತು ಕಡಿಮೆ ಮಾಡಿದಳು. ಮೊದಲೇ ಕಡಿಮೆ, ಈಗ ಅದೂ ಇಲ್ಲ. “ಸಾರ್, ಎಷ್ಟು ಪ್ರತಿ?” ಎಂದು ಕಷ್ಟಪಟ್ಟಾದರೂ ಕೇಳುತ್ತಿದ್ದವಳು, ಬೆರಳು ಎತ್ತಿ ಹುಬ್ಬು ಕುಣಿಸುವಷ್ಟಕ್ಕೆ ನಿಲ್ಲಿಸಿದಳು. ಅಕ್ಕ, “ಕಿವಿನೋವು ಇನ್ನೂ ಇದೆಯೇನೋ” ಎಂದುಕೊಂಡಳು.

ಏಳು ತಿಂಗಳು ಕಳೆಯಿತು. ಒಂದು ಮಧ್ಯಾಹ್ನ ನಡುವಯಸ್ಸಿನ ಹೆಂಗಸೊಬ್ಬರು ದಪ್ಪ ಕಟ್ಟೊಂದನ್ನು ತಂದು, ಮೂರು ಪ್ರತಿ ಮಾಡಿ ಸ್ಪೈರಲ್ ಹಾಕಿಕೊಡಿ ಎಂದರು. ಆಸ್ಪತ್ರೆಯ ಹತ್ತಿರದ ಅಂಗಡಿಯಲ್ಲಿ ಯಂತ್ರ ಕೆಟ್ಟಿತ್ತಂತೆ. ಪುಟ್ಟಿ ಊಟಕ್ಕೆ ಮನೆಗೆ ಹೋಗಿದ್ದಳು. ಅಕ್ಕ ಹಾಳೆ ಒಂದೊಂದಾಗಿ ಗಾಜಿನ ಮೇಲೆ ಇಡುತ್ತಿದ್ದವಳು ಇದ್ದಕ್ಕಿದ್ದಂತೆ ನಿಂತಳು. ಯಂತ್ರದ ಸದ್ದು ನಿಂತದ್ದಕ್ಕೇ ನಾನು ತಿರುಗಿ ನೋಡಿದ್ದು.

“ಮೇಡಂ, ಇದು... ಉಗ್ಗೋರ ಧ್ವನಿ... ಇದು ನಿಜವಾಗಿ ನಡೀತಾ?”

ಬಂದವರು ಉಗ್ಗಿಗೆ ಚಿಕಿತ್ಸೆ ಕೊಡುವವರು. ಆಸ್ಪತ್ರೆಯಲ್ಲಿ ಎಲ್ಲರೂ ಮಾತಿನ ಡಾಕ್ಟರು ಅನ್ನುತ್ತಾರಂತೆ. “ನಡೀತಲ್ಲ. ಇದು ಅದರ ವರದಿನೇ. ಯಾಕೆ, ನಮ್ಮ ಪೋಸ್ಟರ್ ನೋಡಿದ್ರಾ?”

“ಧ್ವನಿ ಕೊಟ್ಟೋರಿಗೆ ದುಡ್ಡು ಕೊಟ್ರಾ?”

“ಕೊಟ್ವಿ. ಮುದ್ರಣ ಸರಿಯಿದೆಯಾ ಅಂತ ಕೇಳಿ ನೋಡಿ, ಆಮೇಲೆ ಖಾತೆ ನಂಬರ್ ತಗೊಂಡು ಹಾಕಿದ್ವಿ. ಖಾತೆ ಇಲ್ಲದೆ ಎಲ್ಲಿಗೆ ಹಾಕೋದು?”

ಅಕ್ಕ ಕೈಯಲ್ಲಿದ್ದ ಹಾಳೆಯನ್ನು ನೋಡುತ್ತಲೇ ಇದ್ದಳು. ಅದು ಒಪ್ಪಿಗೆ ಪತ್ರದ ಮಾದರಿ. ನನಗೂ ಓದಿ ಹೇಳಿದಳು, ಆಮೇಲೆ. ಧ್ವನಿಯನ್ನು ಯಾತಕ್ಕೆ ಬಳಸುತ್ತೇವೆ, ಎಲ್ಲಿ ಇಡುತ್ತೇವೆ, ನಿಮ್ಮ ಹೆಸರು ಅದರ ಜೊತೆ ಇರುವುದಿಲ್ಲ, ಇಂಥ ದಿನಾಂಕದೊಳಗೆ ಬೇಡವೆಂದರೆ ಅಳಿಸುತ್ತೇವೆ, ಯಾವ ಶುಲ್ಕವೂ ಇಲ್ಲ, ಪಾಸ್‌ವರ್ಡ್ ಆಗಲಿ ಫೋನಿಗೆ ಬರುವ ಸಂಖ್ಯೆಯಾಗಲಿ ನಾವು ಕೇಳುವುದಿಲ್ಲ. ಎಲ್ಲ ಸರಳ ಕನ್ನಡದಲ್ಲಿತ್ತು. ಪುಟ್ಟಿಯ ಹಾಳೆಯ ಹಿಂಬದಿಯಲ್ಲಿ ಇದ್ದದ್ದೂ ಇದೇ.

“ಈಗಲೂ ಸೇರ್ಕೋಬಹುದಾ ಮೇಡಂ?”

“ಧ್ವನಿ ತಗೊಳ್ಳೋದು ಮುಗೀತು, ಮೂರು ತಿಂಗಳಾಯ್ತು. ಗಂಡಸರು ಸಾಕಷ್ಟು ಸಿಕ್ಕಿದ್ರು. ಹೆಂಗಸರೇ ಸಿಗಲಿಲ್ಲ ನೋಡಿ. ಉಗ್ಗು ಹೆಂಗಸರಲ್ಲಿ ಮೊದಲೇ ಕಡಿಮೆ, ಇರೋರೂ ಹೊರಗೆ ಬರಲ್ಲ. ಮೂವತ್ತು ಜನ ಬೇಕು ಅಂತಿದ್ವಿ, ಆರೇ ಜನ ಬಂದ್ರು.”

“ನಮ್ಮಂಥೋರಿಗೆ ಅದು ನಿಜ ಅಂತ ಹೇಗೆ ಗೊತ್ತಾಗ್ಬೇಕು?” ಅಕ್ಕನ ದನಿಯಲ್ಲಿ ಜಗಳವಿತ್ತು, ಯಾರ ಮೇಲೆ ಎಂದು ಮಾತ್ರ ತಿಳಿಯುತ್ತಿರಲಿಲ್ಲ.

ಡಾಕ್ಟರು ಬೇಸರ ಮಾಡಿಕೊಳ್ಳಲಿಲ್ಲ. “ಅನುಮಾನ ಪಡೋದು ಒಳ್ಳೇದೇ ಅಮ್ಮ. ಮೋಸ ಮಾಡೋರು ನಮ್ಮ ಹಾಗೇ ಪತ್ರ ಮಾಡ್ತಾರೆ. ಪತ್ರದ ಮೇಲಿರೋ ನಂಬರನ್ನೂ ನಂಬಬೇಡಿ. ಆಸ್ಪತ್ರೆಯ ನಂಬರ್ ನೀವೇ ಬೇರೆ ಕಡೆಯಿಂದ ಹುಡುಕಿ, ಫೋನ್ ಮಾಡಿ, ಇಂಥ ವಿಭಾಗದಲ್ಲಿ ಇಂಥದ್ದು ನಡೀತಿದೆಯಾ ಅಂತ ಕೇಳಿದ್ರೆ ಸಾಕಿತ್ತು. ಬೇಕಾದಷ್ಟು ಜನ ಕೇಳಿದ್ರು.”

ಒಂದು ಫೋನು. ನಮ್ಮ ಓಣಿಯಿಂದ ಆಸ್ಪತ್ರೆಗೆ ಬಸ್ಸಿನಲ್ಲಿ ಇಪ್ಪತ್ತು ನಿಮಿಷ. ಖುದ್ದಾಗಿ ಹೋಗಿ ಕೇಳಿದರೂ ಆಗುತ್ತಿತ್ತು.

ಅವರು ಹೋದ ಮೇಲೆ ಅಕ್ಕ ಬಂದು ನನ್ನ ಎದುರಿನ ಗಿರಾಕಿ ಕುರ್ಚಿಯಲ್ಲಿ ಕೂತಳು. ಹತ್ತೊಂಬತ್ತು ವರ್ಷದಲ್ಲಿ ಅವಳು ಅಲ್ಲಿ ಕೂತದ್ದು ಅದೇ ಮೊದಲು.

“ಸಾರ್, ಒಂದು ಬರೆದುಕೊಡಿ.”

“ಯಾರಿಗೆ?”

“ಪುಟ್ಟಿಗೆ. ನಂಗೆ ಬಾಯಲ್ಲಿ ಹೇಳೋಕಾಗಲ್ಲ.”

ಊರ ಮಂದಿಯ ಕಷ್ಟವನ್ನೆಲ್ಲ ‘ಮಾನ್ಯರೇ’ ಎಂದು ಶುರುಮಾಡಿ ಬರೆದ ನಾನು ಅವತ್ತು ಮೂರು ಹಾಳೆ ಹರಿದೆ. ‘ತಿಳಿಯದೆ ಆದ ತಪ್ಪು’ ಎಂದು ಬರೆದರೆ ಅಕ್ಕ, “ತಿಳಿಯದೆ ಅಲ್ಲ ಸಾರ್, ತಿಳ್ಕೊಳ್ಳದೆ” ಎಂದಳು. ಕೊನೆಗೆ ಪೆನ್ನು ಮುಚ್ಚಿ, “ನೀವೇ ಹೇಳಿ ಅಕ್ಕ, ಇದು ನನ್ನ ಕೈಲಾಗೋ ಕೆಲಸ ಅಲ್ಲ” ಎಂದುಬಿಟ್ಟೆ.

ಪುಟ್ಟಿ ಊಟ ಮುಗಿಸಿ ಬಂದಳು. ಅಕ್ಕ ಒಂದು ಪ್ರತಿ ತೆಗೆದಿಟ್ಟುಕೊಂಡಿದ್ದ ಆ ಒಪ್ಪಿಗೆ ಪತ್ರವನ್ನು ಅವಳ ಮುಂದಿಟ್ಟು, ಬಾಗಿಲಿನ ಚೌಕಟ್ಟು ಹಿಡಿದು ನಿಂತು, “ಅದು ನಿಜವಾಗಿತ್ತು ಕಣೇ. ನಾನು ಸುಳ್ಳು ಅಂದ್ಬಿಟ್ಟೆ. ನನ್ನದು ತಪ್ಪಾಯ್ತು” ಎಂದಳು.

ಪುಟ್ಟಿ ಹಾಳೆಯನ್ನು ಮುಟ್ಟಲಿಲ್ಲ. “ನಂ... ನಂಗೆ ಗೊತ್ತಿತ್ತು” ಎಂದಳು.

“ಗೊತ್ತಿತ್ತಾ?”

“ಅ... ಅವತ್ತೇ ಆಸ್ಪತ್ರೇಲಿ ಕ... ಕೇಳಿದ್ದೆ.”

ಅಕ್ಕ ಚೌಕಟ್ಟು ಬಿಟ್ಟು ಒಳಗೆ ಬಂದಳು. “ಮತ್ತೆ ಯಾಕೆ ಹೋಗಲಿಲ್ಲ? ನನ್ನ ಮೇಲೆ ಕೂಗಾಡಿ ಹೋಗ್ಬೇಕಿತ್ತು. ನಾನು ಮೋಸ ಅಂದ್ರೆ ಅದೇ ಆಗೋಯ್ತಾ?”

ಪುಟ್ಟಿ ಹೇಳಿದ್ದನ್ನು ಇಲ್ಲಿ ಉಗ್ಗು ಬಿಟ್ಟು ಬರೆಯುತ್ತೇನೆ; ಹೇಳಿ ಮುಗಿಸಲು ಅವಳಿಗೆ ಬಹಳ ಹೊತ್ತು ಬೇಕಾಯಿತು, ಅಕ್ಕ ಒಮ್ಮೆಯೂ ಬಾಯಿ ಹಾಕಲಿಲ್ಲ.

“ಮೋಸ ಅಂದಿದ್ದಕ್ಕೆ ನಂಗೆ ಬೇಜಾರಾಗ್ಲಿಲ್ಲ ಅಕ್ಕ. ಅದನ್ನ ತೋರಿಸಿ ಒಪ್ಪಿಸಬಹುದಿತ್ತು. ಈ ಧ್ವನಿ ಯಾರಿಗೆ ಬೇಕು ಅಂದೆಯಲ್ಲ, ಅದಕ್ಕೆ. ಯಾರಿಗೋ ಬೇಕು ಅಂತ ಗೋಡೆ ಮೇಲೆ ಬರೆದಿದ್ರು. ಅದನ್ನ ಓದಿ ನಂಗೆ ಎಷ್ಟು ಖುಷಿಯಾಗಿತ್ತು ಗೊತ್ತಾ? ಎರಡು ದಿನ ನಿಂಗೆ ಹೇಳದೆ ಇಟ್ಕೊಂಡಿದ್ದೆ. ನೀನು ಹಾಗಂದ ಮೇಲೆ ಅಲ್ಲಿ ಹೋಗಿ ಕೂತು ಬಾಯಿ ಬಿಡೋಕೆ ನನ್ನಿಂದ ಆಗ್ತಿರಲಿಲ್ಲ.”

ಅಕ್ಕ ಅತ್ತಳು. ಪುಟ್ಟಿ ಎದ್ದು ನೀರು ತಂದುಕೊಟ್ಟಳು. ಜಗಳವಾಗಲಿ ತಬ್ಬಿಕೊಳ್ಳುವುದಾಗಲಿ ಏನೂ ನಡೆಯಲಿಲ್ಲ. ಅಷ್ಟು ಹೊತ್ತಿಗೆ ಯಾರೋ ಗುರುತಿನ ಚೀಟಿ ನಕಲಿಗೆ ಬಂದರು, ಇಬ್ಬರೂ ಕೆಲಸಕ್ಕೆ ನಿಂತರು.

ಮಾರನೆಯ ದಿನ ವರದಿ ಒಯ್ಯಲು ಡಾಕ್ಟರು ಬಂದಾಗ ಅಕ್ಕ ಎಲ್ಲ ಹೇಳಿಕೊಂಡಳು. ತಂಗಿಯ ಬೆರಳಿನ ಬಗ್ಗೆಯೂ ಹೇಳಿದಳು. ಅವರಿಗೆ ಅಂಥವರು ಬೇಕಾಗಿತ್ತು. ಮುದ್ರಿಸಿದ ಮಾತನ್ನೆಲ್ಲ ಕೇಳಿ, ಇದ್ದದ್ದನ್ನು ಇದ್ದಂತೆ ಅಕ್ಷರಕ್ಕಿಳಿಸುವ ಕೆಲಸ ಇನ್ನೂ ಅರ್ಧ ಉಳಿದಿತ್ತು. ಯಾವ ಅಕ್ಷರ ಮರಳಿ ಮರಳಿ ಬಂತು, ಯಾವುದು ಎಳೆಯಿತು, ಎಲ್ಲಿ ಉಸಿರು ಕಟ್ಟಿ ನಿಂತಿತು ಎಂದು ಗುರುತು ಹಾಕಬೇಕು. ತಿದ್ದಬಾರದು, ಚೆಂದ ಮಾಡಬಾರದು. ಈ ಸಲ ಅಕ್ಕ ಆಸ್ಪತ್ರೆಯ ನಂಬರನ್ನು ತಾನೇ ಹುಡುಕಿ ಫೋನು ಮಾಡಿ ವಿಚಾರಿಸಿದಳು. ಎದುರಿಗೆ ಕೂತಿದ್ದ ಡಾಕ್ಟರು ನಕ್ಕು, “ಹಾಗೇ ಮಾಡಿ” ಎಂದರು.

ಪುಟ್ಟಿಗೆ ಮೊದಲು ಐದು ನಿಮಿಷದ ಒಂದು ಮಾದರಿ ಕೊಟ್ಟರು, ಅದಕ್ಕೂ ಸಂಭಾವನೆಯಿತ್ತು. ಅವಳು ಬರೆದದ್ದನ್ನು ಪರಿಣತರು ಬರೆದಿಟ್ಟದ್ದರ ಜೊತೆ ಹೋಲಿಸಿ ನೋಡಿದರು. ಬೇರೆಯವರು ಬರಿಯ ಮೌನ ಎಂದು ಗುರುತಿಸಿದ ಕಡೆ, ಅದು ಮೌನವಲ್ಲ, ಒಂದು ಅಕ್ಷರ ಹೊರಬರಲು ಒದ್ದಾಡುತ್ತಿದೆ ಎಂದು ಅವಳು ಹಿಡಿದಿದ್ದಳಂತೆ. ಮರುವಾರವೇ ಕೆಲಸ ಕೊಟ್ಟರು. ಕೇಳಿದ್ದನ್ನು ಹೊರಗೆ ಹೇಳುವುದಿಲ್ಲವೆಂದು ಸಹಿ ಮಾಡಿಸಿಕೊಂಡರು. ಈಗ ಅವಳು ಆಸ್ಪತ್ರೆಯ ಹತ್ತಿರವೇ ಒಂದು ಕೋಣೆ ಮಾಡಿಕೊಂಡಿದ್ದಾಳೆ. ಭಾನುವಾರ ಬರುತ್ತಾಳೆ.

ಇದನ್ನು ಕೇಳಿದವರು, ಕೊನೆಗೆ ಒಳ್ಳೆಯದೇ ಆಯಿತಲ್ಲ ಎನ್ನುತ್ತಾರೆ. ಅಕ್ಕ ಹಾಗೆನ್ನುವುದಿಲ್ಲ. ಈ ವರ್ಷ ಹೆಂಗಸರ ಧ್ವನಿಗೆಂದೇ ಮತ್ತೊಂದು ಸುತ್ತು ನಡೆಯಿತು. ಡಾಕ್ಟರು ಪುಟ್ಟಿಯನ್ನು ಎರಡು ಸಲ ಕೇಳಿದರು. ಅವಳು ಒಲ್ಲೆ ಎಂದಳು. ಅಕ್ಕ ಗೋಗರೆದಳು: “ಹೋಗೇ, ನನಗೋಸ್ಕರ ಆದ್ರೂ ಹೋಗೇ.”

“ಆ... ಆಗ ಬೇ... ಬೇಕು ಅನ್ನಿಸಿತ್ತು ಅಕ್ಕ. ಈಗ ಅನ್ನಿಸಲ್ಲ” ಎಂದಳು ಪುಟ್ಟಿ. ಸಿಟ್ಟೇನೂ ಇರಲಿಲ್ಲ ಆ ಮಾತಿನಲ್ಲಿ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು ಎಂದು ಅಕ್ಕ ನನ್ನ ಬಳಿ ಹೇಳಿದಳು. ಊರಿನ ಎಷ್ಟೋ ಜನ ಉಗ್ಗುವವರ ದನಿಯನ್ನು ತಂಗಿ ದಿನವಿಡೀ ಕೇಳಿ ಬರೆಯುತ್ತಾಳೆ. ಅವುಗಳಲ್ಲಿ ಅವಳದೊಂದು ಮಾತ್ರ ಇಲ್ಲ.

ಈಗ ಯಾರಾದರೂ ಫೋನು ಹಿಡಿದು ಬಂದರೆ ಅಕ್ಕ ಕೂರಿಸಿ ಕೊನೆಯ ಸಾಲಿನವರೆಗೂ ಓದುತ್ತಾಳೆ. ಯಾರು ಕೇಳುತ್ತಿದ್ದಾರೆ, ಧ್ವನಿ ಎಲ್ಲಿಗೆ ಹೋಗುತ್ತದೆ, ಮೊದಲೇ ಏನಾದರೂ ಕಟ್ಟಲು ಹೇಳಿದ್ದಾರೆಯೇ ಎಂದು ನೋಡುತ್ತಾಳೆ, ಫೋನು ಮಾಡುತ್ತಾಳೆ. ಸುಳ್ಳಾದರೆ ಸುಳ್ಳೆಂದು ಹೇಳಿ ಕಳಿಸುತ್ತಾಳೆ. ನಿಜ ಎಂದು ಗೊತ್ತಾದ ದಿನ ಮಾತ್ರ ಅವಳಿಗೆ ಊಟ ಸೇರುವುದಿಲ್ಲ.

ನನ್ನದೂ ಒಂದು ಬಾಕಿ ಇದೆ. ಅವತ್ತು ನಕ್ಕದ್ದಕ್ಕೆ ನಾನು ಪುಟ್ಟಿಯ ಬಳಿ ಇನ್ನೂ ಏನೂ ಹೇಳಿಲ್ಲ. ಭಾನುವಾರ ಕಚೇರಿಗೆ ರಜೆ, ನನಗೆ ಓಣಿಯಲ್ಲಿ ಕೆಲಸವಿಲ್ಲ. ಆದರೂ ಎರಡು ಸಲ ಅದಕ್ಕೆಂದೇ ಹೋದೆ. ಎರಡನೆಯ ಸಲ ಅವಳು ಅಂಗಡಿಯ ಕಟ್ಟೆಯ ಮೇಲೆ ಕೂತು ಅಕ್ಕನ ಹಳೆಯ ಕಡತಗಳ ಧೂಳು ಜಾಡಿಸುತ್ತಿದ್ದಳು. ನನ್ನನ್ನು ನೋಡಿ, “ಏನು ಸಾರ್, ಭಾ... ಭಾನುವಾರ?” ಎಂದಳು. ಕನ್ನಡಕ ಮರೆತು ಹೋಗಿದ್ದೆ ಎಂದು ಹೇಳಿ, ಮೇಜಿನ ಖಾನೆ ತೆಗೆದು ಮುಚ್ಚಿ ಮನೆಗೆ ಬಂದೆ.